ಜಗುಲಿಗೆ ಬಂದ ಮೂಟೆ

ಸ್ಕ್ಯಾನಿಂಗ್ ಕಾಗದದಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದರೆ ಮೊದಲು ನೋಡಬೇಕಾದದ್ದು ಗ್ರೇಡ್ ಅಲ್ಲ. ಎಷ್ಟು ತೂಕ ಇಳಿಸಿದರೆ ಸಾಕು, ಎಷ್ಟು ನಡೆಯಬೇಕು, ತಟ್ಟೆಯಲ್ಲಿ ಏನು ಬದಲಾಗಬೇಕು, ಮತ್ತೆ ಸ್ಕ್ಯಾನ್ ಯಾವಾಗ ಎಂಬುದರ ಲೆಕ್ಕ ಇಲ್ಲಿದೆ.

ರಾಮಾಪುರದವರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಎಂದರೆ ಇಡೀ ಒಂದು ದಿನದ ಕೆಲಸ. ಬೆಳಗಿನ ಬಸ್ಸು ಹಿಡಿದು, ಹನೂರು ದಾಟಿ, ಕಾಮಗೆರೆಗೋ ಕೊಳ್ಳೇಗಾಲಕ್ಕೋ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಸರದಿ ಕಾಯಬೇಕು. ಹೋಗಿರುವುದು ಕಿಡ್ನಿ ಕಲ್ಲಿನ ಅನುಮಾನಕ್ಕೋ ಗ್ಯಾಸಿನ ಕಾಟಕ್ಕೋ. ಕೈಗೆ ಬರುವ ಕಾಗದದಲ್ಲಿ ಕಲ್ಲು ಇರುವುದಿಲ್ಲ. ಕೊನೆಯ ಸಾಲಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದಿರುತ್ತದೆ. ವಾಪಸ್ ಬರುವ ಬಸ್ಸಿನಲ್ಲೇ ಅದರ ವ್ಯಾಖ್ಯಾನ ಶುರುವಾಗುತ್ತದೆ. ‘ಮೂರಕ್ಕೆ ಹೋದ್ರೆ ಲಿವರ್ ಹೋಯ್ತು ಅಂತ್ಲೇ ಲೆಕ್ಕ ಕಣಣ್ಣ’ ಎನ್ನುತ್ತಾರೆ ಒಬ್ಬರು. ‘ಊರಲ್ಲಿ ಅರ್ಧ ಜನಕ್ಕೆ ಅದೇ ಅದೆ, ಏನೂ ಆಗಲ್ಲ ಬುಡು’ ಎನ್ನುತ್ತಾರೆ ಇನ್ನೊಬ್ಬರು.

ಎರಡು ಮಾತೂ ತಪ್ಪು. ಏಕೆ ತಪ್ಪು ಎಂದು ತಿಳಿಯಲು ಇಬ್ಬರ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಇಬ್ಬರೂ ಲೆಕ್ಕಕ್ಕಾಗಿ ನಾನು ಕಟ್ಟಿಕೊಂಡವರು. ಅಂಕಿಗಳು ಮಾತ್ರ ಇಂಥ ವರದಿಗಳಲ್ಲಿ ಕಾಣುವಂಥವೇ.

ಮೊದಲನೆಯವರು ಗೊಬ್ಬರದ ಅಂಗಡಿ ಇಟ್ಟಿರುವ 46 ವರ್ಷದ ಅಣ್ಣ. ಎತ್ತರ 165 ಸೆಂಟಿಮೀಟರ್, ತೂಕ 78 ಕಿಲೊ, ಸೊಂಟದ ಸುತ್ತಳತೆ 101 ಸೆಂಟಿಮೀಟರ್. ಕುಡಿತವಿಲ್ಲ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದೆ. ಸ್ಕ್ಯಾನಿನಲ್ಲಿ ಗ್ರೇಡ್ 2. ಎರಡನೆಯವರು 58 ವರ್ಷದ ಅಕ್ಕ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನೋಡಲು ಅಷ್ಟೇನೂ ದಪ್ಪವಲ್ಲ. ಸ್ಕ್ಯಾನಿನಲ್ಲಿ ಗ್ರೇಡ್ 1. ಅಣ್ಣನ ಮನೆಯಲ್ಲಿ ಗಾಬರಿ, ಅಕ್ಕನ ಮನೆಯಲ್ಲಿ ಸಮಾಧಾನ. ನಿಜವಾಗಿ ಇದು ತಿರುಗಮುರುಗ ಆಗಬೇಕಿತ್ತು.

ಗ್ರೇಡ್ ಹೇಳದ ಮಾತು

ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಲಿವರ್ ಎಷ್ಟು ಬೆಳ್ಳಗೆ ಹೊಳೆಯುತ್ತದೆ ಎಂದು ಕಣ್ಣಳತೆಯಲ್ಲಿ ನೋಡಿ ಗ್ರೇಡ್ ಬರೆಯುತ್ತಾರೆ. ಪಕ್ಕದ ಮೂತ್ರಪಿಂಡಕ್ಕಿಂತ ಸ್ವಲ್ಪ ಬೆಳ್ಳಗಿದ್ದರೆ ಒಂದು, ಒಳಗಿನ ರಕ್ತನಾಳಗಳ ಅಂಚು ಮಸುಕಾದರೆ ಎರಡು, ಹಿಂದಿನ ಭಾಗವೇ ಕಾಣದಷ್ಟು ಮಬ್ಬಾದರೆ ಮೂರು. ಒಬ್ಬ ವೈದ್ಯರು ಒಂದು ಎಂದದ್ದನ್ನು ಇನ್ನೊಬ್ಬರು ಎರಡು ಎನ್ನಬಹುದು. ಲಿವರ್ ಜೀವಕೋಶಗಳಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತರಷ್ಟಾದರೂ ಕೊಬ್ಬು ತುಂಬಿಕೊಳ್ಳದೆ ಈ ಸ್ಕ್ಯಾನಿಗೆ ಅದು ಸರಿಯಾಗಿ ಕಾಣುವುದೂ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು, ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಎಂಬುದನ್ನು ಮಾತ್ರ. ಮನುಷ್ಯನಿಗೆ ಮುಂದೆ ತೊಂದರೆ ಕೊಡುವುದು ಕೊಬ್ಬಿಗಿಂತ ಹೆಚ್ಚಾಗಿ ಅದರ ಉರಿಯೂತದಿಂದ ಲಿವರಿನಲ್ಲಿ ಬೀಳುವ ಗಾಯದ ಕಲೆ. ಕೈ ಸುಟ್ಟ ಜಾಗದಲ್ಲಿ ಚರ್ಮ ಗಟ್ಟಿಯಾಗುವ ಹಾಗೆ ಲಿವರ್ ಕೂಡ ವರ್ಷಾನುಗಟ್ಟಲೆ ಉರಿದು ನಾರುನಾರಾಗಿ ಗಟ್ಟಿಯಾಗುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಅದರ ಕೊನೆಯ ಹಂತ ಸಿರೋಸಿಸ್. ಕಲೆ ಹೆಚ್ಚಿದಂತೆ ಕೊಬ್ಬು ಕಡಿಮೆಯಾಗುವುದೂ ಉಂಟು. ಹಾಗಾಗಿ ಹಳೆಯ, ಕೆಟ್ಟ ಕಾಯಿಲೆ ಸ್ಕ್ಯಾನಿನಲ್ಲಿ ‘ಗ್ರೇಡ್ 1’ ಎಂದು ಸಾಧುವಾಗಿ ಕೂತಿರಬಹುದು.

ಕಲೆ ಬಿದ್ದಿದೆಯೇ ಎಂದು ಅಂದಾಜು ಮಾಡಲು ದುಬಾರಿ ಯಂತ್ರ ಬೇಕಿಲ್ಲ. ವೈದ್ಯರು ಬಳಸುವ ಒಂದು ಲೆಕ್ಕವಿದೆ, ಹೆಸರು ಫಿಬ್-4. ಅದಕ್ಕೆ ಬೇಕಾದದ್ದು ವಯಸ್ಸು, ಲಿವರ್ ರಕ್ತಪರೀಕ್ಷೆಯ ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ, ರಕ್ತದ ಪ್ಲೇಟ್‌ಲೆಟ್ ಸಂಖ್ಯೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಪ್ಲೇಟ್‌ಲೆಟ್ 2.3 ಲಕ್ಷ ಎಂದಿದ್ದರೆ ಇಲ್ಲಿ 230 ಎಂದು ಹಾಕಿಕೊಳ್ಳಬೇಕು.

ಅಣ್ಣನ ಎಸ್‌ಜಿಒಟಿ 42, ಎಸ್‌ಜಿಪಿಟಿ 58, ಪ್ಲೇಟ್‌ಲೆಟ್ 2.3 ಲಕ್ಷ. 46ನ್ನು 42ರಿಂದ ಗುಣಿಸಿದರೆ 1932. 58ರ ವರ್ಗಮೂಲ ಸುಮಾರು 7.6, ಅದನ್ನು 230ರಿಂದ ಗುಣಿಸಿದರೆ 1748. ಭಾಗಿಸಿದರೆ ಬರುವುದು 1.1. ಈ ಲೆಕ್ಕ 1.3ಕ್ಕಿಂತ ಕೆಳಗಿದ್ದರೆ ಮುಂದುವರಿದ ಕಲೆ ಇರುವ ಸಾಧ್ಯತೆ ತೀರಾ ಕಡಿಮೆ. 2.67ಕ್ಕಿಂತ ಮೇಲಿದ್ದರೆ ತಜ್ಞರನ್ನು ಕಾಣಲೇಬೇಕು. ನಡುವೆ ಬಂದರೆ ಇನ್ನೊಂದು ಪರೀಕ್ಷೆ ಬೇಕು.

ಇನ್ನು ಅಕ್ಕನ ಕಾಗದ. ಎಸ್‌ಜಿಒಟಿ 64, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.5 ಲಕ್ಷ. 58ನ್ನು 64ರಿಂದ ಗುಣಿಸಿದರೆ 3712. 49ರ ವರ್ಗಮೂಲ 7. 150ರಿಂದ ಗುಣಿಸಿದರೆ 1050. ಭಾಗಿಸಿದರೆ 3.5. ಗ್ರೇಡ್ 1 ಇರುವ ಅಕ್ಕ ಈ ತಿಂಗಳೇ ಮೈಸೂರಿನ ಬಸ್ಸು ಹತ್ತಬೇಕು. ಗ್ರೇಡ್ 2 ಇರುವ ಅಣ್ಣನಿಗೆ ಸದ್ಯಕ್ಕೆ ಊರಿನಲ್ಲೇ ಬೇಕಾದಷ್ಟು ಕೆಲಸವಿದೆ.

ಈ ಲೆಕ್ಕ ನಿಂತಿರುವುದು ಸರಳ ಕಾರಣದ ಮೇಲೆ. ಲಿವರ್ ಗಟ್ಟಿಯಾದಾಗ ಅದರೊಳಗೆ ರಕ್ತ ಸಲೀಸಾಗಿ ಹರಿಯದೆ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಎಸ್‌ಜಿಒಟಿಯು ಎಸ್‌ಜಿಪಿಟಿಯನ್ನು ದಾಟಲು ತೊಡಗುತ್ತದೆ. ಕಾರಣ ಗೊತ್ತಿದ್ದರೆ ಲೆಕ್ಕ ಎಲ್ಲಿ ದಾರಿ ತಪ್ಪುತ್ತದೆ ಎಂಬುದೂ ತಿಳಿಯುತ್ತದೆ. ಡೆಂಗಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದ ವಾರದಲ್ಲಿ ಲೆಕ್ಕ ಹಾಕಿದರೆ ಆರೋಗ್ಯವಂತನಿಗೂ ದೊಡ್ಡ ಸಂಖ್ಯೆ ಬರುತ್ತದೆ. ಮೂವತ್ತೈದರ ಒಳಗಿನವರಲ್ಲಿ ಇದನ್ನು ನೆಚ್ಚುವಂತಿಲ್ಲ. ಅರವತ್ತೈದು ದಾಟಿದವರಿಗೆ 1.3ರ ಬದಲು 2ನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಒಮ್ಮೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ ಆ ವೈರಸ್‌ಗಳಿಲ್ಲ ಎಂದು ಖಚಿತ ಮಾಡಿಕೊಳ್ಳುವುದೂ ಇದರ ಭಾಗ. ಕುಡಿಯುವವರು ವೈದ್ಯರ ಮುಂದೆ ನಿಜ ಹೇಳಬೇಕು. ಅವರ ಲಿವರಿಗೆ ಕೊಬ್ಬು ಬಂದ ದಾರಿಯೇ ಬೇರೆ ಇರಬಹುದು, ಮತ್ತು ಅದಕ್ಕೆ ಮೊದಲ ಮದ್ದು ಬಾಟಲಿ ಬಿಡುವುದು.

ಹಗೇವು ತುಂಬಿದ ಮೇಲೆ

‘ನಾನು ಎಣ್ಣೆ ತಿಂಡಿ ತಿನ್ನೋದೇ ಅಪರೂಪ, ಕೊಬ್ಬು ಎಲ್ಲಿಂದ ಬಂತು ಸಾ?’ ಅಣ್ಣನ ಈ ಪ್ರಶ್ನೆ ನ್ಯಾಯವಾದದ್ದೇ. ಲಿವರಿನಲ್ಲಿ ಕೂತ ಕೊಬ್ಬು ಯಾವ ಯಾವ ದಾರಿಯಿಂದ ಬರುತ್ತದೆ ಎಂದು ಅಮೆರಿಕದ ಸಂಶೋಧಕರು ಗುರುತು ಹಚ್ಚಿದ ಅಣುಗಳನ್ನು ಬಳಸಿ ಅಳೆದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಿಂದ ಕೊಬ್ಬಿನಿಂದ ನೇರವಾಗಿ ಬಂದದ್ದು ನೂರಕ್ಕೆ ಸುಮಾರು ಹದಿನೈದು ಪಾಲು ಮಾತ್ರ. ಇಪ್ಪತ್ತಾರು ಪಾಲನ್ನು ಸಕ್ಕರೆ, ಪಿಷ್ಟಗಳಿಂದ ಲಿವರ್ ತಾನೇ ತಯಾರಿಸಿಕೊಂಡಿತ್ತು. ಉಳಿದ ಐವತ್ತೊಂಬತ್ತು ಪಾಲು ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ ರಕ್ತಕ್ಕೆ ಸೋರಿ ಬಂದದ್ದು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ರಾಗಿ ತುಂಬಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ಹಗೇವಿನಲ್ಲಿ ಜಾಗ ಇರುವವರೆಗೆ ರಾಗಿ ಅಲ್ಲಿ ಭದ್ರ. ಹಗೇವು ತುಂಬಿದ ಮೇಲೂ ಕಣದಿಂದ ಮೂಟೆ ಬರುತ್ತಲೇ ಇದ್ದರೆ ಏನು ಮಾಡುವುದು? ಜಗುಲಿಯ ಮೇಲೆ ಪೇರಿಸುವುದು. ನಡೆದಾಡುವ ಜಾಗದಲ್ಲಿ ಮೂಟೆ, ಮೂಟೆಗೆ ಇಲಿ, ಇಲಿಯಿಂದ ಮನೆಗೇ ಹಾನಿ. ಚರ್ಮದಡಿಯ ಕೊಬ್ಬು ನಮ್ಮ ಹಗೇವು, ಲಿವರ್ ಜಗುಲಿ. ಕೊಬ್ಬನ್ನು ಹಗೇವಿನಲ್ಲೇ ಮುಚ್ಚಿಡುವ ಬಾಗಿಲು ಇನ್ಸುಲಿನ್. ಹೊಟ್ಟೆಯ ಕೊಬ್ಬು ಹೆಚ್ಚಿದಾಗ ಇನ್ಸುಲಿನ್ ಮಾತು ದೇಹಕ್ಕೆ ಕೇಳಿಸದಾಗುತ್ತದೆ, ಬಾಗಿಲು ಸಡಿಲವಾಗುತ್ತದೆ, ಕೊಬ್ಬು ಲಿವರಿನತ್ತ ಹರಿಯುತ್ತದೆ. 2023ರಲ್ಲಿ ವೈದ್ಯಲೋಕ ಈ ಕಾಯಿಲೆಗೆ ‘ಮದ್ಯದಿಂದಲ್ಲದ್ದು’ ಎಂಬ ಹಳೆಯ ಹೆಸರು ಬಿಟ್ಟು, ದೇಹದ ಚಯಾಪಚಯ ಕೆಟ್ಟದ್ದರಿಂದ ಬರುವುದು ಎಂಬ ಅರ್ಥದ ಹೊಸ ಹೆಸರು ಕೊಟ್ಟದ್ದೂ ಇದೇ ಕಾರಣಕ್ಕೆ.

ಹಗೇವಿನ ಗಾತ್ರ ಎಲ್ಲರಿಗೂ ಒಂದೇ ಅಲ್ಲ. ನಮ್ಮ ದೇಶದವರಲ್ಲಿ ಬಹಳ ಮಂದಿಗೆ ಅದು ಚಿಕ್ಕದು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಅಕ್ಕನಂಥ ‘ದಪ್ಪವಲ್ಲದ’ವರಿಗೂ ಫ್ಯಾಟಿ ಲಿವರ್ ಬರುವುದು ಹೀಗೆ. ಆದ್ದರಿಂದ ತೂಕದ ಜೊತೆಗೆ ಸೊಂಟದ ಅಳತೆಯನ್ನೂ ಬರೆದಿಡಬೇಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುಮಧ್ಯೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಓದಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ ಸೊಂಟದ ಅಳತೆ ಕೇಳುವುದೂ ಇದೇ ಲೆಕ್ಕಕ್ಕೆ. ಕೇಂದ್ರ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು.

ಮೊದಲು ನಾಲ್ಕು ಕಿಲೊ

ಜಗುಲಿಯ ಹೋಲಿಕೆಯಲ್ಲಿ ಒಂದು ಒಳ್ಳೆಯ ಸುದ್ದಿಯೂ ಅಡಗಿದೆ. ಮನೆಗೆ ಬರುವ ಮೂಟೆ ಕಡಿಮೆಯಾದರೆ ಮೊದಲು ಖಾಲಿಯಾಗುವುದು ಜಗುಲಿ. ದೇಹದ ಒಟ್ಟು ತೂಕ ನೂರಕ್ಕೆ ಐದು ಪಾಲು ಇಳಿದರೆ ಲಿವರಿನ ಕೊಬ್ಬು ಅದಕ್ಕಿಂತ ಹಲವು ಪಟ್ಟು ಹೆಚ್ಚಿನ ಪಾಲು ಇಳಿಯುತ್ತದೆ. ಹಾಗಾಗಿ 78 ಕಿಲೊ ಇರುವ ಅಣ್ಣ 60 ಕಿಲೊ ಆಗಬೇಕಿಲ್ಲ. ಅವರ ಮೊದಲ ಗುರಿ ನಾಲ್ಕು ಕಿಲೊ, ಅಂದರೆ 74. ಕೊಬ್ಬು ಗಣನೀಯವಾಗಿ ಇಳಿಯಲು ಅಷ್ಟು ಸಾಕು. ಎರಡನೆಯ ಗುರಿ ನೂರಕ್ಕೆ ಏಳು ಪಾಲು, ಸುಮಾರು ಐದೂವರೆ ಕಿಲೊ. ಅಲ್ಲಿಗೆ ಉರಿಯೂತ ತಣ್ಣಗಾಗತೊಡಗುತ್ತದೆ. ಹತ್ತು ಪಾಲು, ಅಂದರೆ ಎಂಟು ಕಿಲೊ ಹತ್ತಿರ ಇಳಿದರೆ ಬಿದ್ದ ಕಲೆಯೂ ಮಾಯುವ ಅವಕಾಶವಿದೆ.

ಈ ಮೆಟ್ಟಿಲುಗಳು ಯಾರದೋ ಅಂದಾಜಲ್ಲ. ಕ್ಯೂಬಾದಲ್ಲಿ 293 ಮಂದಿ ಲಿವರ್ ರೋಗಿಗಳಿಗೆ ಒಂದು ವರ್ಷ ಊಟ ಮತ್ತು ನಡಿಗೆಯ ಮಾರ್ಗದರ್ಶನ ಕೊಟ್ಟು, ಮೊದಲೂ ಕೊನೆಗೂ ಲಿವರಿನ ಚೂರು ತೆಗೆದು ಪರೀಕ್ಷಿಸಿದರು. 2015ರಲ್ಲಿ ಬಂದ ಆ ವರದಿಯ ಪ್ರಕಾರ, ತೂಕದ ಹತ್ತನೇ ಒಂದು ಪಾಲು ಅಥವಾ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ಉರಿಯೂತದ ಕಾಯಿಲೆ ಮಾಯವಾಗಿತ್ತು, ನಲವತ್ತೈದು ಮಂದಿಯ ಕಲೆ ಹಿಮ್ಮೆಟ್ಟಿತ್ತು. ಅದೇ ವರದಿಯ ಇನ್ನೊಂದು ಮುಖವನ್ನೂ ಮರೆಯಬಾರದು. ಅಷ್ಟು ಇಳಿಸಲು ಆದದ್ದು ಹತ್ತರಲ್ಲಿ ಒಬ್ಬರಿಗೆ. ಐದು ಪಾಲು ಇಳಿಸಿದವರೇ ಹತ್ತರಲ್ಲಿ ಮೂವರು. ನಾಲ್ಕು ಕಿಲೊ ಸಣ್ಣ ಗುರಿ ಎಂದು ಮೂಗು ಮುರಿಯುವವರು ಈ ಲೆಕ್ಕ ನೋಡಬೇಕು.

ವೇಗ ವಾರಕ್ಕೆ ಅರ್ಧ ಕಿಲೊ ಸುತ್ತ ಇದ್ದರೆ ಸಾಕು, ಒಂದು ಕಿಲೊ ದಾಟಬಾರದು. ಬರೀ ನೀರು, ಗಂಜಿ, ಯಾವುದೋ ಪುಡಿ ಎಂದು ಹದಿನೈದು ದಿನದಲ್ಲಿ ಐದು ಕಿಲೊ ಇಳಿಸಿದರೆ ಹಗೇವಿನ ಬಾಗಿಲು ಒಮ್ಮೆಲೇ ತೆರೆದ ಹಾಗೆ. ಅಷ್ಟೂ ಕೊಬ್ಬು ಲಿವರಿನ ಮೇಲೆ ನುಗ್ಗಿ ಉರಿಯೂತ ಹೆಚ್ಚಬಹುದು, ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ತೂಕ ಸಹಜವಾಗಿರುವವರಿಗೆ ಮೂರರಿಂದ ಐದು ಪಾಲಿನ ಗುರಿ ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಇಲ್ಲದಿದ್ದರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಪ್ರಯತ್ನವಿಲ್ಲದೆ ತಾನಾಗಿ ತೂಕ ಇಳಿಯುತ್ತಿದ್ದರೆ ಅದು ಸಂತೋಷಪಡುವ ವಿಷಯವಲ್ಲ, ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಅಂಗಡಿಯ ಟೀ, ಮನೆಯ ಮುದ್ದೆ

ಅಣ್ಣನ ಒಂದು ದಿನವನ್ನು ನೋಡೋಣ. ಬೆಳಿಗ್ಗೆ ಎದ್ದ ಕೂಡಲೇ ಟೀ. ಅಂಗಡಿ ತೆರೆದ ಮೇಲೆ ಗಿರಾಕಿಗಳ ಜೊತೆ ಮೂರು ಟೀ. ಸಂಜೆ ಬನ್ನಿನ ಜೊತೆ ಇನ್ನೊಂದು. ಲೋಟಕ್ಕೆ ಎರಡು ಚಮಚದಂತೆ ಐದು ಟೀಗೆ ಸುಮಾರು ಐವತ್ತು ಗ್ರಾಂ ಸಕ್ಕರೆ. ತಿಂಗಳಿಗೆ ಒಂದೂವರೆ ಕಿಲೊ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ ಇಟ್ಟ ಮಿತಿಯೇ ಇಪ್ಪತ್ತೈದು ಗ್ರಾಂ. ಲಿವರ್ ಕೊಬ್ಬನ್ನು ತಾನೇ ತಯಾರಿಸಿಕೊಳ್ಳುವ ಇಪ್ಪತ್ತಾರು ಪಾಲಿಗೆ ಮುಖ್ಯ ಕಚ್ಚಾ ವಸ್ತು ಈ ಸಕ್ಕರೆ. ಸಕ್ಕರೆಯಲ್ಲಿ ಅರ್ಧ ಭಾಗ ಫ್ರಕ್ಟೋಸ್, ಅದರ ಬಹುಪಾಲನ್ನು ಅರಗಿಸುವ ಕೆಲಸ ಲಿವರಿನದೇ. ಬೆಲ್ಲ ಹಾಕಿಕೊಂಡರೆ ಸರಿಹೋಗುತ್ತದೆ ಎಂಬ ನಂಬಿಕೆ ಇದೆ. ಲಿವರಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಬಾಟಲಿ ಜ್ಯೂಸು, ಕೋಲಾಗಳೂ ಇದೇ ಸಾಲಿಗೆ.

ಈ ಐವತ್ತು ಗ್ರಾಂ ಬಿಟ್ಟರೆ ದಿನಕ್ಕೆ 200 ಕ್ಯಾಲೊರಿ ಉಳಿತಾಯ. ತಿಂಗಳಿಗೆ 6000. ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ ಎಂದರೆ, ಕಾಗದದ ಮೇಲೆ ತಿಂಗಳಿಗೆ ಮುಕ್ಕಾಲು ಕಿಲೊ. ದೇಹ ಹೊಂದಿಕೊಳ್ಳುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. ಒಂದೇ ದಿನ ಪೂರ್ತಿ ಬಿಡಲಾಗದಿದ್ದರೆ ಮೊದಲ ವಾರ ಒಂದೂವರೆ ಚಮಚ, ನಂತರ ಒಂದು, ನಂತರ ಅರ್ಧ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಸಕ್ಕರೆ ಇಲ್ಲದ ಕಾಫಿ ದಿನಕ್ಕೆ ಎರಡು ಮೂರು ಲೋಟ ಕುಡಿಯುವವರಲ್ಲಿ ಲಿವರಿನ ಕಲೆ ಕಡಿಮೆ ಎಂದು ಅನೇಕ ಅಧ್ಯಯನಗಳು ಕಂಡಿವೆ.

ಇನ್ನು ಊಟ. ರಾಗಿ ಮುದ್ದೆ ತಿಂದರೆ ಎಷ್ಟು ತಿಂದರೂ ಪರವಾಗಿಲ್ಲ ಎಂಬ ಮಾತಿದೆ. ರಾಗಿಯಲ್ಲಿ ನಾರು ಇದೆ, ಸುಣ್ಣದ ಅಂಶ ಇದೆ, ಪಾಲಿಶ್ ಅಕ್ಕಿಗಿಂತ ಒಳ್ಳೆಯದು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಬೇಯಿಸಿ ಮುದ್ದೆ ಮಾಡಿದಾಗ ಅದೂ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ನೂರು ಗ್ರಾಂ ಹಿಟ್ಟಿನಲ್ಲಿ ಮುನ್ನೂರಿಪ್ಪತ್ತಕ್ಕೂ ಮೇಲೆ ಕ್ಯಾಲೊರಿ ಇದೆ. ದೊಡ್ಡ ಮುದ್ದೆ ಉಂಡು, ಅದರ ಮೇಲೆ ಎರಡು ಸೌಟು ಅನ್ನ, ಸಾರು, ಮಜ್ಜಿಗೆ ಎಂಬುದು ಇಲ್ಲಿನ ಊಟದ ಕ್ರಮ. ನೊಗ ಹೊತ್ತ ಕಾಲಕ್ಕೆ ಅದು ಸರಿ. ಬದಲಿಸಬೇಕಾದದ್ದು ಧಾನ್ಯವನ್ನಲ್ಲ, ತಟ್ಟೆಯ ಪಾಲನ್ನು. ಮುದ್ದೆ ಅಥವಾ ಅನ್ನ, ಎರಡರಲ್ಲಿ ಒಂದು. ಮುದ್ದೆ ಮೊದಲಿನ ಅರ್ಧ ಗಾತ್ರ. ಬಿಟ್ಟ ಜಾಗಕ್ಕೆ ಸಾರಿನ ಗಟ್ಟಿ ಬರಬೇಕು.

ಈ ಸೀಮೆಯ ಅಡುಗೆಮನೆಯಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇದೆ. ಹುರುಳಿ ಕಾಳಿನ ಸಾರು ಮಾಡುವಾಗ ಕಟ್ಟು ಮಾತ್ರ ಬಸಿದು ಕಾಳನ್ನು ಬದಿಗಿಡದೆ, ಕಾಳನ್ನೂ ತಟ್ಟೆಗೆ ಹಾಕಿಕೊಳ್ಳುವುದು. ಮಸ್ಸೊಪ್ಪು, ಅವರೆಕಾಳು, ಕಡಲೆಕಾಳು, ಮೊಟ್ಟೆ, ಮೀನು. ಸೊಪ್ಪು ತರಕಾರಿ ಅರ್ಧ ತಟ್ಟೆ, ಕಾಳು ಅಥವಾ ಮೊಟ್ಟೆ ಕಾಲು ತಟ್ಟೆ, ಮುದ್ದೆ ಕಾಲು ತಟ್ಟೆ. ಕಾಳು ಸೊಪ್ಪುಗಳು ಹೊಟ್ಟೆ ತುಂಬಿಸಿ ಮತ್ತೆ ಹಸಿವಾಗುವುದನ್ನು ತಡ ಮಾಡುತ್ತವೆ; ಪ್ರೋಟೀನು ತೂಕ ಇಳಿಯುವಾಗ ಮಾಂಸಖಂಡ ಉಳಿಸುತ್ತದೆ. ಎಣ್ಣೆಯನ್ನು ಪೂರ್ತಿ ಬಿಡಬೇಕಿಲ್ಲ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಆಸುಪಾಸಿನಲ್ಲಿದ್ದರೆ ಸರಿ. ಬಿಡಬೇಕಾದದ್ದು ವನಸ್ಪತಿಯಲ್ಲಿ ಮಾಡಿದ ಬೇಕರಿ ಪಫ್ಸು ಮತ್ತು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬೋಂಡ.

ಲಿವರ್ ತೊಳೆಯುತ್ತೇವೆ ಎನ್ನುವ ಕಷಾಯ, ಪುಡಿಗಳ ಬಗ್ಗೆ ಒಂದೇ ಮಾತು. ಸೊಪ್ಪು ಬೇರಾದ ಮಾತ್ರಕ್ಕೆ ಎಲ್ಲವೂ ಲಿವರಿಗೆ ಸೌಮ್ಯವಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ಉರಿಯೂತ ಬಂದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಏನೇ ತೆಗೆದುಕೊಂಡಿದ್ದರೂ ವೈದ್ಯರಿಗೆ ಹೇಳಬೇಕು. ಹಾಗೆಯೇ, ಲಿವರಿಗೆ ಕೆಟ್ಟದು ಎಂದು ಯಾರೋ ಹೇಳಿದರೆಂದು ಕೊಲೆಸ್ಟರಾಲ್ ಮಾತ್ರೆಯನ್ನು ತಾವಾಗಿ ಬಿಡಬಾರದು. ಫ್ಯಾಟಿ ಲಿವರ್ ಇರುವವರಿಗೂ ಅದು ಸುರಕ್ಷಿತ, ಮತ್ತು ಈ ಕಾಯಿಲೆಯವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯ, ರಕ್ತನಾಳಗಳ ಕಾಯಿಲೆ.

ಮಾದಪ್ಪನ ದಾರಿಯ ನಡಿಗೆ

ನಡಿಗೆ ರಾಮಾಪುರಕ್ಕೆ ಹೊಸದೇನಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂದರೆ ಮಲೆ ಮಹದೇಶ್ವರ ಬೆಟ್ಟದ ರಸ್ತೆಯುದ್ದಕ್ಕೂ ಪಾದಯಾತ್ರಿಗಳ ಸಾಲು. ಅಣ್ಣನೂ ಪ್ರತಿ ಶಿವರಾತ್ರಿಗೆ ಕೌದಳ್ಳಿ ದಾಟಿ, ತಾಳುಬೆಟ್ಟ ಹತ್ತಿ ಹೋಗುತ್ತಾರೆ. ‘ನಡೆಯೋದು ನಮಗೇನು ಕಷ್ಟ ಸಾ, ವರ್ಷಾ ವರ್ಷಾ ಬೆಟ್ಟಕ್ಕೇ ನಡೀತೀವಿ’ ಎನ್ನುತ್ತಾರೆ. ಮಾದಪ್ಪ ಮೆಚ್ಚಬಹುದು, ಲಿವರ್ ಮೆಚ್ಚುವುದಿಲ್ಲ. ಒಮ್ಮೆ ನಡೆದರೆ ಮಾಂಸಖಂಡಗಳು ಇನ್ಸುಲಿನ್ ಮಾತಿಗೆ ಕಿವಿಗೊಡುವುದು ಎರಡು ಮೂರು ದಿನ ಮಾತ್ರ. ಆಮೇಲೆ ಮತ್ತೆ ಕಿವುಡು. ಅದಕ್ಕೇ ವರ್ಷಕ್ಕೊಮ್ಮೆ ಬೆಟ್ಟದವರೆಗೆ ನಡೆಯುವುದಕ್ಕಿಂತ, ಎರಡು ದಿನ ಸತತ ಬಿಡದಂತೆ ವಾರವಿಡೀ ಸ್ವಲ್ಪ ಸ್ವಲ್ಪ ನಡೆಯುವುದು ಮೇಲು.

ಒಟ್ಟು ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಒಂದೇ ಸಲ ಆಗದಿದ್ದರೆ ಊಟವಾದ ಮೇಲೆ ಹತ್ತು ನಿಮಿಷದಂತೆ ಮೂರು ಸಲ. ಊಟದ ನಂತರ ಏರುವ ಸಕ್ಕರೆಯನ್ನು ಅದು ಅಲ್ಲೇ ತಗ್ಗಿಸುತ್ತದೆ. ಬಿರುಸು ಎಷ್ಟಿರಬೇಕು? ನಿಮಿಷಕ್ಕೆ ನೂರು ಹೆಜ್ಜೆ. ಎಣಿಸುವ ಯಂತ್ರ ಬೇಡ. ಜೊತೆಗಾರನ ಸಂಗಡ ಮಾತಾಡಲು ಆಗಬೇಕು, ‘ಉಘೇ ಉಘೇ’ ಎಂದು ಕೂಗಲು ಉಸಿರಿರಬೇಕು, ಆದರೆ ಮಾದಪ್ಪನ ಪದವನ್ನು ಎಳೆದು ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ಬಿರುಸು.

ಇಲ್ಲಿ ಬಹಳ ಮಂದಿ ಸೋಲುವ ಒಂದು ಜಾಗವಿದೆ. ಅಣ್ಣನ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮ್ಮನೆ ಕೂತದ್ದಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಸುಮಾರು ನೂರು ಕ್ಯಾಲೊರಿ. ನಡೆದು ಬಂದು ಒಂದು ಬನ್ನು, ಒಂದು ಟೀ ಎಂದರೆ ಲೆಕ್ಕ ತಲೆಕೆಳಗು. ತಿಂಗಳು ನಡೆದರೂ ತಕ್ಕಡಿಯ ಮುಳ್ಳು ಕದಲಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ತೂಕ ಇಳಿಸುವುದು ಬಹುಪಾಲು ತಟ್ಟೆಯ ಕೆಲಸ. ನಡಿಗೆಯ ಕೆಲಸ ಬೇರೆ: ತೂಕ ಇಳಿಯದಿದ್ದರೂ ಅದು ಲಿವರಿನ ಕೊಬ್ಬನ್ನು ಒಂದಷ್ಟು ಇಳಿಸುತ್ತದೆ, ಇಳಿದ ತೂಕ ಮರಳದಂತೆ ಕಾಯುತ್ತದೆ. ಜೊತೆಗೆ ವಾರಕ್ಕೆ ಎರಡು ದಿನ ಮಾಂಸಖಂಡಕ್ಕೂ ಕೆಲಸ ಕೊಡಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಹತ್ತು ಸಲ ಮುಂದೆ ಹಿಂದೆ ಬಾಗುವುದು, ಹೀಗೆ ಎರಡು ಮೂರು ಸುತ್ತು ಸಾಕು.

ಹೊಲದ ಕೆಲಸ ಲೆಕ್ಕಕ್ಕೆ ಬರುವುದಿಲ್ಲವೇ ಎಂದರೆ, ಬರುತ್ತದೆ. ಉಸಿರು ಬಿರುಸಾಗುವ ಕಳೆ, ಅಗೆತಗಳೆಲ್ಲ ನಡಿಗೆಗೆ ಸಮ. ಟ್ರ್ಯಾಕ್ಟರಿನ ಮೇಲೆ ಕೂತದ್ದು, ಬೈಕಿನಲ್ಲಿ ತೋಟ ಸುತ್ತಿದ್ದು ಬರುವುದಿಲ್ಲ. ಕಾಡಂಚಿನ ಊರುಗಳಲ್ಲಿ ನಸುಕಿನ ಕತ್ತಲೆಯಲ್ಲಿ ಆನೆ, ಚಿರತೆಗಳ ಭಯವಿರುವುದರಿಂದ ನಡಿಗೆಯನ್ನು ಸೂರ್ಯ ಹುಟ್ಟಿದ ಮೇಲೆ, ಶಾಲೆಯ ಮೈದಾನದಲ್ಲೋ ಊರ ನಡುವಿನ ಬೀದಿಯಲ್ಲೋ ಇಟ್ಟುಕೊಳ್ಳುವುದು ಜಾಣತನ. ನಡೆವಾಗ ಎದೆ ಹಿಡಿದರೆ, ಹಿಂದೆಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಮತ್ತೆ ಸ್ಕ್ಯಾನ್ ಯಾವಾಗ?

ತಿಂಗಳಾಗುತ್ತಲೇ ‘ಗ್ರೇಡ್ ಇಳೀತಾ ನೋಡೋಣ’ ಎಂದು ಕೊಳ್ಳೇಗಾಲಕ್ಕೆ ಹೊರಡುವುದು ದುಡ್ಡು ದಂಡ. ಕಣ್ಣಳತೆಯ ಸ್ಕ್ಯಾನಿಗೆ ಅಷ್ಟು ಸೂಕ್ಷ್ಮ ಬದಲಾವಣೆ ಕಾಣುವುದಿಲ್ಲ. ಬೇರೆ ವೈದ್ಯರು ನೋಡಿ ಎರಡನ್ನೇ ಬರೆದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎನಿಸುತ್ತದೆ. ಅಣ್ಣ ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟ ಬರೆದಿಟ್ಟರೆ ಸಾಕು. ಆರು ತಿಂಗಳಿಗೆ ಎಸ್‌ಜಿಒಟಿ, ಎಸ್‌ಜಿಪಿಟಿ, ಸಕ್ಕರೆಯ ಪರೀಕ್ಷೆ. ಫಿಬ್-4 ಲೆಕ್ಕವನ್ನು ಸಕ್ಕರೆ ಕಾಯಿಲೆ ಅಥವಾ ಅದರ ಹೊಸ್ತಿಲಲ್ಲಿ ಇರುವವರು ಒಂದೆರಡು ವರ್ಷಕ್ಕೊಮ್ಮೆ, ಉಳಿದವರು ಎರಡು ಮೂರು ವರ್ಷಕ್ಕೊಮ್ಮೆ ಹಾಕಿಸಿ ನೋಡಬೇಕು. ಎಸ್‌ಜಿಪಿಟಿ ಸಹಜ ಬಂದಿದೆ ಎಂದು ಇದನ್ನು ಬಿಡಬಾರದು. ಕಲೆ ಬಿದ್ದ ಲಿವರಿನಲ್ಲೂ ಅದು ಸಹಜವಾಗಿರಬಹುದು.

ಲೆಕ್ಕ 1.3 ದಾಟಿದರೆ ಮುಂದಿನ ಮೆಟ್ಟಿಲು ಫೈಬ್ರೋಸ್ಕ್ಯಾನ್. ಪಕ್ಕೆಯ ಮೇಲೆ ಸಣ್ಣ ಕೊಳವೆಯಿಟ್ಟು ಮೆಲ್ಲಗೆ ತಟ್ಟಿ, ಆ ಅಲೆ ಲಿವರಿನಲ್ಲಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಯಂತ್ರ ಅಳೆಯುತ್ತದೆ. ಲಿವರ್ ಗಟ್ಟಿಯಾದಷ್ಟೂ ಅಲೆ ವೇಗ. ಕಲ್ಲಂಗಡಿ ಕೊಳ್ಳುವಾಗ ತಟ್ಟಿ ನೋಡುವ ಉಪಾಯವೇ ಇದು. ಮೈಸೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಮೂರು ಗಂಟೆ ಮೊದಲಿನಿಂದ ಏನೂ ತಿನ್ನದೆ ಹೋಗಬೇಕು. ಕಿಲೊಪಾಸ್ಕಲ್ ಎಂಬ ಅಳತೆಯಲ್ಲಿ 8ಕ್ಕಿಂತ ಕಡಿಮೆ ಬಂದರೆ ನಿರಾಳ, 12 ದಾಟಿದರೆ ಲಿವರ್ ತಜ್ಞರ ಕೈಗೆ.

ಅಕ್ಕನಿಗೆ 17 ಬಂತು ಎಂದುಕೊಳ್ಳೋಣ. ಆಗ ತಜ್ಞರು ಸಿರೋಸಿಸ್ ಎಂದೇ ಭಾವಿಸಿ ನಡೆಯುತ್ತಾರೆ. ಅಲ್ಲಿಂದ ಮುಂದೆ ಅಲ್ಟ್ರಾಸೌಂಡಿನ ಕೆಲಸವೇ ಬದಲಾಗುತ್ತದೆ. ಕೊಬ್ಬು ನೋಡಲಲ್ಲ, ಲಿವರಿನಲ್ಲಿ ಗಡ್ಡೆ ಹುಟ್ಟಿದೆಯೇ ಎಂದು ನೋಡಲು ಆರು ತಿಂಗಳಿಗೊಮ್ಮೆ ತಪ್ಪದೆ ಸ್ಕ್ಯಾನ್, ಜೊತೆಗೆ ಒಂದು ರಕ್ತಪರೀಕ್ಷೆ. ಚಿಕ್ಕದಿದ್ದಾಗ ಸಿಕ್ಕ ಗಡ್ಡೆಗೆ ಚಿಕಿತ್ಸೆ ಇದೆ. ಅಕ್ಕ ಊಟ ಬಿಟ್ಟು ತೂಕ ಇಳಿಸಲು ಹೋಗಬಾರದು. ಅವರ ದೇಹಕ್ಕೆ ಕಾಳು, ಮೊಟ್ಟೆ ಹೆಚ್ಚೇ ಬೇಕು. ಮದ್ಯ ತೊಟ್ಟೂ ಬೇಡ. ಕಣ್ಣು ಹಳದಿಯಾದರೆ, ಹೊಟ್ಟೆ ಕಾಲು ಊದಿದರೆ, ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮಾತು ತಡವರಿಸಿ ಗೊಂದಲವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಮುಂದಿನ ಶಿವರಾತ್ರಿಯ ಹೊತ್ತಿಗೆ ಅಣ್ಣನ ಚೀಟಿಯಲ್ಲಿ ತೂಕ 73, ಸೊಂಟ 95. ಎಸ್‌ಜಿಒಟಿ 28, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 2.4 ಲಕ್ಷ. ವಯಸ್ಸು ಒಂದು ಏರಿ 47 ಆಗಿದ್ದರೂ ಲೆಕ್ಕ 0.9ಕ್ಕೆ ಇಳಿದಿದೆ. ಸ್ಕ್ಯಾನ್ ಮಾಡಿಸಿಲ್ಲ, ಮಾಡಿಸುವ ಅಗತ್ಯವೂ ಬಂದಿಲ್ಲ. ಮೈಸೂರಿಗೆ ಹೋಗಿ ಬಂದ ಅಕ್ಕನ ಕೈಯಲ್ಲಿ ಮಾತ್ರ ಮುಂದಿನ ಸ್ಕ್ಯಾನಿನ ತಾರೀಖು ಬರೆದ ಚೀಟಿ ಇದೆ. ‘ಗ್ರೇಡ್ 1’ ಎಂದಿದ್ದ ಅವರ ಹಳೆಯ ಕಾಗದ ಮನೆಯ ಯಾವುದೋ ಡಬ್ಬಿಯಲ್ಲಿ ಹಾಗೇ ಇದೆ. ಅದರ ಜೊತೆಗಿದ್ದ ರಕ್ತಪರೀಕ್ಷೆಯ ಹಾಳೆಯಲ್ಲೇ ಎಲ್ಲ ಬರೆದಿತ್ತು; ನಾಲ್ಕು ಅಂಕಿಗಳನ್ನು ಗುಣಿಸಿ ಭಾಗಿಸುವವರು ಬೇಕಿತ್ತು.